‘ರೆಡ್ ಫ್ಲಾಗ್’ ಪಟ್ಟಿ ಫಾರ್ವರ್ಡ್ ಮಾಡುವ ಮುನ್ನ: ಕಾಳಜಿ ಯಾವುದು, ಹಿಡಿತ ಯಾವುದು?

‘ನಿಮ್ಮ ಹುಡುಗನಲ್ಲಿ ಈ 10 ಲಕ್ಷಣ ಇದ್ದರೆ ಕೂಡಲೇ ಬಿಟ್ಟುಬಿಡಿ’, ‘ಈ 7 ಗ್ರೀನ್ ಫ್ಲಾಗ್ ಇರುವ ಹುಡುಗಿಯನ್ನು ಕಳೆದುಕೊಳ್ಳಬೇಡಿ’. ಇಂಥ ಪಟ್ಟಿ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ, ಇನ್‌ಸ್ಟಾಗ್ರಾಮ್ ರೀಲ್ಸ್‌ನಲ್ಲೂ ಕಂಡಿರುತ್ತದೆ. ಕೆಂಪು ಬಾವುಟ ಎಂದರೆ ಅಪಾಯದ ಸೂಚನೆ, ಹಸಿರು ಬಾವುಟ ಎಂದರೆ ಸಂಬಂಧ ಆರೋಗ್ಯವಾಗಿದೆ ಎನ್ನುವ ಸೂಚನೆ. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ಇಂಥ ಪಟ್ಟಿಗಳಲ್ಲಿ ಎರಡು ಬಗೆಯ ವಿಷಯಗಳು ಒಟ್ಟಿಗೆ ಸೇರಿಕೊಂಡಿರುತ್ತವೆ. ‘ಹತ್ತು ನಿಮಿಷದಲ್ಲಿ ರಿಪ್ಲೈ ಮಾಡದಿದ್ದರೆ ರೆಡ್ ಫ್ಲಾಗ್’ ಎನ್ನುವ ಸಾಲಿನ ಪಕ್ಕದಲ್ಲೇ ‘ಗೆಳತಿಯರ ಜೊತೆ ಸೇರಲು ಬಿಡದಿದ್ದರೆ ರೆಡ್ ಫ್ಲಾಗ್’ ಎಂದೂ ಇರುತ್ತದೆ. ಮೊದಲನೆಯದು ಯಾರೋ ರೀಲ್ಸ್‌ಗಾಗಿ ಹೇಳಿದ ಮಾತು. ಎರಡನೆಯದು ಸಂಶೋಧಕರು ದಶಕಗಳಿಂದ ಗಮನಿಸುತ್ತ ಬಂದಿರುವ ಲಕ್ಷಣ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಒಂದೋ ಒಳ್ಳೆಯ ಸಂಬಂಧವನ್ನು ಸುಮ್ಮನೆ ಅನುಮಾನಿಸುತ್ತೇವೆ, ಇಲ್ಲವೇ ನಿಜವಾದ ಅಪಾಯವನ್ನು ‘ಅದೂ ಇಂಥದ್ದೇ ಬಿಡು’ ಎಂದು ತಳ್ಳಿಹಾಕುತ್ತೇವೆ. ಹಾಗಾದರೆ ಯಾವುದನ್ನು ನಂಬಬೇಕು? ನೋಡೋಣ.

ಈ ಪಟ್ಟಿ ಮೊದಲು ಹುಟ್ಟಿದ್ದು ಎಲ್ಲಿ?

ಕೆಂಪು–ಹಸಿರು ಬಾವುಟ ಎಂಬ ಹೆಸರು ಈಚಿನದು. ಅದರ ಹಿಂದಿನ ವಿಚಾರ ಹಳೆಯದು. ಅಮೆರಿಕದ ಮಿನೆಸೋಟಾ ರಾಜ್ಯದ ಡುಲುತ್ ಎಂಬ ಊರಿನಲ್ಲಿ ಕೌಟುಂಬಿಕ ದೌರ್ಜನ್ಯದ ವಿರುದ್ಧ ಕೆಲಸ ಮಾಡುತ್ತಿದ್ದ ತಂಡವೊಂದು 1980ರ ದಶಕದ ಆರಂಭದಲ್ಲಿ ಏಟು ತಿಂದ ಮಹಿಳೆಯರನ್ನು ಗುಂಪಾಗಿ ಕೂರಿಸಿ ಅವರ ಅನುಭವ ಕೇಳಿತು. ಹೊಡೆತಕ್ಕಿಂತ ಹೆಚ್ಚಾಗಿ ಆ ಮಹಿಳೆಯರು ಹೇಳಿದ್ದು ದಿನನಿತ್ಯದ ಸಣ್ಣ ಸಣ್ಣ ಸಂಗತಿಗಳನ್ನು. ಹಣ ಕೇಳಿಯೇ ಪಡೆಯಬೇಕು, ತವರಿಗೆ ಹೋಗುವಂತಿಲ್ಲ, ಎಲ್ಲಿಗೆ ಹೋದೆ ಎಂದು ಲೆಕ್ಕ ಕೊಡಬೇಕು, ತಪ್ಪು ಅವನದಾದರೂ ಕ್ಷಮೆ ತಾನೇ ಕೇಳಬೇಕು.

ಇದನ್ನೆಲ್ಲ ಸೇರಿಸಿ ಆ ತಂಡ 1984ರಲ್ಲಿ ಗಾಡಿಯ ಚಕ್ರದಂಥ ಚಿತ್ರವೊಂದನ್ನು ಮಾಡಿತು. ಚಕ್ರದ ನಡುವೆ ‘ಅಧಿಕಾರ ಮತ್ತು ಹಿಡಿತ’ ಎಂದಿದೆ. ಅದರಿಂದ ಹೊರಟ ಎಂಟು ಭಾಗಗಳಲ್ಲಿ ಬೆದರಿಕೆ, ಅವಮಾನ, ಉಳಿದವರಿಂದ ದೂರ ಮಾಡುವುದು, ಹಣವನ್ನು ಕೈಯಲ್ಲಿಟ್ಟುಕೊಳ್ಳುವುದು ಮೊದಲಾದವು ಇವೆ. ಹೊಡೆತ ಇರುವುದು ಹೊರಗಿನ ಬಳೆಯಲ್ಲಿ. ಅಂದರೆ, ಹೊಡೆತ ಆಗಾಗ ನಡೆಯುವ ಘಟನೆ, ಹಿಡಿತ ದಿನವೂ ಇರುವ ಸ್ಥಿತಿ. ಅದೇ ತಂಡ ಇದಕ್ಕೆ ಜೋಡಿಯಾಗಿ ‘ಸಮಾನತೆಯ ಚಕ್ರ’ ಎಂಬ ಇನ್ನೊಂದು ಚಿತ್ರವನ್ನೂ ಮಾಡಿತು. ಅದರಲ್ಲಿ ನಂಬಿಕೆ, ಗೌರವ, ತಪ್ಪೊಪ್ಪಿಕೊಳ್ಳುವುದು, ಮಾತಾಡಿ ತೀರ್ಮಾನಿಸುವುದು ಇವೆ. ಇಂದು ಯುವಜನರಿಗೆ ಕಲಿಸುವ ರೆಡ್ ಫ್ಲಾಗ್, ಗ್ರೀನ್ ಫ್ಲಾಗ್ ಪಾಠಗಳಲ್ಲಿ ಈ ಎರಡು ಚಕ್ರಗಳ ವಿಚಾರ ಮತ್ತೆ ಮತ್ತೆ ಕಾಣುತ್ತದೆ.

ಅದು ಅಮೆರಿಕದ್ದು, ನಮಗೇನು ಸಂಬಂಧ?

ಸಂಬಂಧ ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಮಹಿಳೆಯರನ್ನು ಪ್ರತ್ಯೇಕವಾಗಿ ಕೂರಿಸಿ ಕೆಲವು ಪ್ರಶ್ನೆ ಕೇಳುತ್ತಾರೆ. ಬೇರೆ ಗಂಡಸರ ಜೊತೆ ಮಾತಾಡಿದರೆ ಗಂಡ ಸಿಟ್ಟಾಗುತ್ತಾನಾ? ನಡತೆಯ ಬಗ್ಗೆ ಪದೇ ಪದೇ ಅನುಮಾನ ಪಡುತ್ತಾನಾ? ಗೆಳತಿಯರನ್ನು ಭೇಟಿಯಾಗಲು ಬಿಡುವುದಿಲ್ಲವಾ? ತವರಿನವರ ಜೊತೆಗಿನ ಒಡನಾಟ ಕಡಿಮೆ ಮಾಡಿಸುತ್ತಾನಾ? ಯಾವಾಗಲೂ ಎಲ್ಲಿದ್ದೀಯ ಎಂದು ತಿಳಿಯಲೇಬೇಕು ಎನ್ನುತ್ತಾನಾ?

ಈ ಐದು ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ. ಹೊಡೆತದ ಮಾತೇ ಇಲ್ಲ. ಆದರೂ ಸಮೀಕ್ಷೆಯ ವರದಿಗಳಲ್ಲಿ ಕಾಣುವ ಅಂಶ ಇದು: ಇಂಥ ನಡವಳಿಕೆ ಹೆಚ್ಚು ಹೆಚ್ಚು ಇರುವ ಮನೆಗಳಲ್ಲಿ ಹೊಡೆತವೂ ಹೆಚ್ಚು. ಹಿಡಿತ ಸಾಧಿಸುವ ಪ್ರತಿಯೊಬ್ಬನೂ ಹೊಡೆಯುತ್ತಾನೆ ಎಂದು ಇದರರ್ಥವಲ್ಲ. ಆದರೆ ಇವೆರಡೂ ಜೊತೆಯಾಗಿ ಬರುವುದು ಹೆಚ್ಚು. 2019–21ರ ಇದೇ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದಾರೆ. ಅಂದರೆ ನಮ್ಮ ರಾಜ್ಯದಲ್ಲಿ ಇದು ಎಲ್ಲೋ ಒಂದು ಮನೆಯ ಕತೆಯಲ್ಲ.

ಹರಿಯಬ್ಬೆಯ ಒಂದು ಉದಾಹರಣೆ

ಫಾರ್ವರ್ಡ್ ಪಟ್ಟಿಗಳು ‘ಡೇಟಿಂಗ್’ ಬಗ್ಗೆ ಮಾತಾಡುತ್ತವೆ. ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಹುಡುಗ ಹುಡುಗಿಯರಿಗೆ ಒಬ್ಬರನ್ನೊಬ್ಬರು ಅರಿಯಲು ಸಿಗುವ ಕಾಲ ಒಂದೇ, ನಿಶ್ಚಿತಾರ್ಥಕ್ಕೂ ಮದುವೆಗೂ ನಡುವಿನ ಕೆಲವು ತಿಂಗಳು. ಹಾಗಾಗಿ ಅದೇ ಕಾಲದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಯಾರದೋ ನಿಜಜೀವನದ ಘಟನೆಯಲ್ಲ, ವಿಷಯ ಬಿಡಿಸಿ ಹೇಳಲು ನಾವು ಕಟ್ಟಿಕೊಂಡದ್ದು.

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಹುಡುಗಿಯೊಬ್ಬಳು ಹಿರಿಯೂರಿಗೆ ಬಸ್ಸಿನಲ್ಲಿ ಹೋಗಿಬಂದು ಕೊನೇ ವರ್ಷದ ಬಿ.ಕಾಂ. ಓದುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನ ಜೊತೆ ನಿಶ್ಚಿತಾರ್ಥವಾಗಿದೆ. ಮದುವೆಗೆ ಇನ್ನು ಐದು ತಿಂಗಳಿದೆ.

ಮೊದಲ ತಿಂಗಳು ದಿನಕ್ಕೆರಡು ಸಲ ಫೋನು. ‘ಊಟ ಆಯ್ತಾ? ಬಸ್ಸು ಸಿಕ್ತಾ?’ ಇಬ್ಬರಿಗೂ ಖುಷಿ. ಎರಡನೇ ತಿಂಗಳು ಬಸ್ಸಿನಲ್ಲಿ ನೆಟ್‌ವರ್ಕ್ ಹೋಗಿ ಫೋನ್ ತಾಗದಿದ್ದರೆ ಹನ್ನೆರಡು ಮಿಸ್ಡ್ ಕಾಲ್. ಆಮೇಲೆ ‘ಎಲ್ಲಿದೀಯಾ? ಪಕ್ಕದಲ್ಲಿ ಯಾರಿದಾರೆ? ಒಂದು ಫೋಟೋ ಹಾಕು’ ಎಂಬ ಮೆಸೇಜು. ಅದಾದ ಮೇಲೆ ‘ಲೈವ್ ಲೊಕೇಶನ್ ಆನ್ ಮಾಡಿಡು, ನನಗೆ ಸಮಾಧಾನ’ ಎಂಬ ಮಾತು. ಮೂರನೇ ತಿಂಗಳು ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಕೇಳುತ್ತಾನೆ. ‘ಮದ್ವೆ ಆಗೋರ ನಡುವೆ ಮುಚ್ಚುಮರೆ ಯಾಕೆ?’

ಹುಡುಗಿ ಅಮ್ಮನ ಹತ್ತಿರ ಹೇಳಿಕೊಂಡರೆ ಬರುವ ಉತ್ತರವೂ ನಮಗೆ ಗೊತ್ತಿರುವುದೇ. ‘ನಿನ್ನ ಮೇಲೆ ಪ್ರೀತಿ ಇರೋದ್ಕೇ ಕಣವ್ವಾ ಕೇಳೋದು. ಮದ್ವೆ ಆದ್ಮೇಲೆ ಎಲ್ಲಾ ಸರಿ ಹೋಗುತ್ತೆ.’

ಈಗ ಪ್ರಶ್ನೆ: ಇದು ಕಾಳಜಿಯೋ ಹಿಡಿತವೋ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಷ್ಟನ್ನೇ ನೋಡಿ ಖಚಿತವಾಗಿ ಹೇಳಲಾಗದು. ಹೊಸ ಸಂಬಂಧದಲ್ಲಿ ಅಳುಕು ಇರುತ್ತದೆ. ಹೇಗೆ ನಡೆದುಕೊಳ್ಳಬೇಕೆಂದು ತಿಳಿಯದೆಯೂ ಹೀಗೆ ಕೇಳುವವರಿದ್ದಾರೆ. ಫಾರ್ವರ್ಡ್ ಪಟ್ಟಿಗಳು ಎಡವುವುದು ಇಲ್ಲೇ. ಅವು ಒಂದು ವರ್ತನೆಯನ್ನು ನೋಡಿ ತೀರ್ಪು ಕೊಡುತ್ತವೆ. ನೋಡಬೇಕಾದ್ದು ವರ್ತನೆಯನ್ನಲ್ಲ, ‘ಬೇಡ’ ಎಂದಾಗ ಏನಾಗುತ್ತದೆ ಎಂಬುದನ್ನು.

‘ಬೇಡ’ ಎಂದ ಮೇಲೆ ಏನಾಯಿತು?

ಹುಡುಗಿ ಹೀಗೆ ಹೇಳಿದಳು ಎಂದುಕೊಳ್ಳಿ: ‘ಪಾಸ್‌ವರ್ಡ್ ಮಾತ್ರ ಬೇಡ ರೀ. ಅದರಲ್ಲಿ ನನ್ನ ಫ್ರೆಂಡ್ಸ್ ಅವರ ಮನೆ ವಿಷಯಾನೂ ಹೇಳ್ಕೊಂಡಿರ್ತಾರೆ. ಏನಾದ್ರೂ ಕೇಳ್ಬೇಕು ಅನ್ಸಿದ್ರೆ ನನ್ನನ್ನೇ ಕೇಳಿ.’

ಇದಕ್ಕೆ ಹುಡುಗ ಸ್ವಲ್ಪ ಮುಖ ಗಂಟು ಹಾಕಿಕೊಳ್ಳಬಹುದು. ಅದು ಸಹಜ. ಆದರೆ ಮರುದಿನ ‘ಸರಿ, ನೀನು ಹೇಳಿದ್ದೂ ನಿಜ. ನನಗೇ ಏನೋ ಭಯ ಇತ್ತು’ ಎಂದು ಹೇಳಿ, ಮುಂದಿನ ವಾರ ಮತ್ತೆ ಆ ಮಾತು ಎತ್ತದಿದ್ದರೆ ಅದು ಹಸಿರು ಬಾವುಟ. ಬೇಸರವಾದರೂ ನಿಮ್ಮ ‘ಬೇಡ’ ಅಲ್ಲೇ ನಿಂತಿತು, ಅದಕ್ಕೆ ನೀವು ಬೆಲೆ ತೆರಬೇಕಾಗಲಿಲ್ಲ. ಜಗಳವೇ ಆಡದಿರುವುದು ಒಳ್ಳೆಯ ಸಂಬಂಧದ ಗುರುತಲ್ಲ. ಜಗಳದ ಕೊನೆಯಲ್ಲೂ ಇಬ್ಬರ ಮಾತಿಗೂ ಜಾಗ ಉಳಿದಿದೆಯೇ ಎಂಬುದು ಗುರುತು.

ಇನ್ನೊಂದು ಬಗೆ ಹೀಗಿರಬಹುದು. ಎರಡು ದಿನ ಫೋನ್ ಎತ್ತುವುದಿಲ್ಲ. ಆಮೇಲೆ ‘ಏನೋ ಇದೆ ಅಂತ ತಾನೇ ಕೊಡ್ತಿಲ್ಲ?’ ಎನ್ನುತ್ತಾನೆ. ‘ನಿಮ್ಮಪ್ಪನಿಗೆ ಹೇಳ್ತೀನಿ’, ‘ಮದ್ವೆ ನಿಲ್ಲಿಸ್ತೀನಿ’ ಎನ್ನುತ್ತಾನೆ. ಅಥವಾ ‘ನನಗೇನಾದ್ರೂ ಆದ್ರೆ ನೀನೇ ಕಾರಣ’ ಎನ್ನುತ್ತಾನೆ. ಹುಡುಗಿ ಹೆದರಿ ಪಾಸ್‌ವರ್ಡ್ ಕೊಡುತ್ತಾಳೆ. ಕೂಡಲೇ ಅವನು ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡುತ್ತಾನೆ, ಸೀರೆಯನ್ನೋ ವಾಚನ್ನೋ ಕಳಿಸುತ್ತಾನೆ. ಹದಿನೈದು ದಿನದ ನಂತರ ಹೊಸ ಬೇಡಿಕೆ ಬರುತ್ತದೆ. ‘ಆ ಗೆಳತಿ ಸರಿಯಿಲ್ಲ, ಅವಳ ನಂಬರ್ ಬ್ಲಾಕ್ ಮಾಡು.’

ಇಲ್ಲಿ ಮೂರು ಸಂಗತಿ ಕಾಣುತ್ತವೆ. ‘ಬೇಡ’ ಎಂದದ್ದಕ್ಕೆ ಶಿಕ್ಷೆ ಸಿಕ್ಕಿತು. ಮಣಿದ ಮೇಲೆ ಬಹುಮಾನ ಸಿಕ್ಕಿತು. ಆಮೇಲೆ ಬೇಡಿಕೆ ಒಂದು ಮೆಟ್ಟಿಲು ಮೇಲೇರಿತು. ಲೊಕೇಶನ್, ಪಾಸ್‌ವರ್ಡ್, ಗೆಳತಿ, ನಾಳೆ ಕಾಲೇಜು, ನಾಡಿದ್ದು ಕೆಲಸ. ಒಂದೊಂದನ್ನೇ ನೋಡಿದರೆ ಸಣ್ಣದು, ‘ಇಷ್ಟಕ್ಕೆಲ್ಲ ಯಾಕೆ ಜಗಳ’ ಎನಿಸುತ್ತದೆ. ಸಾಲಾಗಿ ಇಟ್ಟು ನೋಡಿದರೆ ಅವಳ ಲೋಕ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಿದೆ. ನಿಜವಾದ ಕೆಂಪು ಬಾವುಟ ಇದು.

ಇದನ್ನು ಕಂಡುಕೊಳ್ಳಲು ಸುಲಭದ ದಾರಿಯೆಂದರೆ ಮೂರು ತಿಂಗಳ ಹಿಂದಿನ ನಿಮ್ಮನ್ನು ಇಂದಿನ ನಿಮ್ಮ ಜೊತೆ ಹೋಲಿಸಿಕೊಳ್ಳುವುದು. ಆಗ ಮಾತಾಡುತ್ತಿದ್ದ ಯಾರ ಜೊತೆ ಈಗ ಮಾತಿಲ್ಲ? ಯಾವ ಬಟ್ಟೆ, ಯಾವ ಹವ್ಯಾಸ, ಯಾವ ದಾರಿ ಬಿಟ್ಟಿದ್ದೀರಿ? ಬಿಟ್ಟದ್ದು ನಿಮ್ಮ ಇಷ್ಟದಿಂದಲೋ, ರಾತ್ರಿ ಫೋನಿನಲ್ಲಿ ಬರುವ ಜಗಳವನ್ನು ತಪ್ಪಿಸಿಕೊಳ್ಳಲೋ?

ಒಂದು ಎಚ್ಚರಿಕೆ ಇದೆ. ಇದು ಎಲ್ಲರೂ ಮಾಡಿ ನೋಡಬೇಕಾದ ಪರೀಕ್ಷೆಯಲ್ಲ. ‘ಬೇಡ’ ಎನ್ನಲು ನಿಮಗೆ ಈಗಾಗಲೇ ಭಯವಾಗುತ್ತಿದ್ದರೆ ಉತ್ತರ ಸಿಕ್ಕಿದಂತೆಯೇ. ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ.

‘ಮದುವೆಯಾದ ಮೇಲೆ ಸರಿ ಹೋಗುತ್ತೆ’ ನಿಜವೇ?

ಈ ಮಾತಿನ ಹಿಂದೆ ಒಂದು ಲೆಕ್ಕ ಇದೆ. ದೂರದಲ್ಲಿರುವುದರಿಂದ ಅನುಮಾನ, ಹತ್ತಿರ ಬಂದ ಮೇಲೆ ಅನುಮಾನ ಹೋಗುತ್ತದೆ ಎಂಬುದು ಆ ಲೆಕ್ಕ. ಅಳುಕಿನಿಂದ ಕೇಳುತ್ತಿದ್ದ ಹುಡುಗನ ವಿಷಯದಲ್ಲಿ ಹಾಗಾಗಲೂಬಹುದು. ಆದರೆ ಹಿಡಿತ ಇರುವ ಕಡೆ ಕಾರಣ ದೂರವಲ್ಲ, ‘ಅವಳು ನನ್ನ ಮಾತಿನಂತೆ ನಡೆಯಬೇಕು’ ಎಂಬ ನಂಬಿಕೆ. ಮದುವೆ ಆ ನಂಬಿಕೆಯನ್ನು ಕಡಿಮೆ ಮಾಡುವುದಿಲ್ಲ, ಅದಕ್ಕೆ ಹಕ್ಕಿನ ರೂಪ ಕೊಡುತ್ತದೆ. ಮದುವೆಯಾದ ಮೇಲೆ ಮನೆ ಅವನದು, ಊರು ಅವನದು, ಹಣವೂ ಅವನದು. ಬಿಟ್ಟು ಬರುವುದು ಇನ್ನೂ ಕಷ್ಟ.

ನಿಶ್ಚಿತಾರ್ಥ ಮುರಿದರೆ ಮರ್ಯಾದೆ ಹೋಗುತ್ತದೆ, ಛತ್ರಕ್ಕೆ ಕೊಟ್ಟ ಅಡ್ವಾನ್ಸ್ ಹೋಗುತ್ತದೆ, ತಂಗಿಗೆ ಸಂಬಂಧ ಬರುವುದಿಲ್ಲ ಎಂಬ ಭಯ ನಮ್ಮೂರುಗಳಲ್ಲಿ ಸುಳ್ಳಲ್ಲ. ಆ ನಷ್ಟ ನಿಜವೇ. ಆದರೆ ಅದನ್ನು ತೂಗುವಾಗ ತಕ್ಕಡಿಯ ಇನ್ನೊಂದು ಬದಿಯಲ್ಲಿ ಏನಿದೆ ಎಂಬುದನ್ನೂ ಮನೆಯವರು ನೋಡಬೇಕು. ಪಾಸ್‌ವರ್ಡ್ ವಿಷಯವನ್ನು ಮನೆಯಲ್ಲಿ ‘ಸಣ್ಣದು’ ಎಂದರೂ ಪರವಾಗಿಲ್ಲ, ‘ಬೇಡ’ ಎಂದಾಗ ಬಂದ ಬೆದರಿಕೆಯನ್ನು ಮಾತ್ರ ಅಕ್ಷರಶಃ ಹೇಳಿ. ಅಮ್ಮನಿಗೆ ಹೇಳಿ ಆಗದಿದ್ದರೆ ಸೋದರಮಾವ, ದೊಡ್ಡಮ್ಮ, ಮದುವೆಯಾದ ಅಕ್ಕ, ಹೀಗೆ ಮನೆಯಲ್ಲಿ ಮಾತು ನಡೆಯುವ ಒಬ್ಬರಿಗಾದರೂ ಹೇಳಿ.

ರೆಡ್ ಫ್ಲಾಗ್ ಅಲ್ಲದವು ಯಾವುವು?

ತಡವಾಗಿ ರಿಪ್ಲೈ ಮಾಡುವುದು, ಹುಟ್ಟಿದಹಬ್ಬ ಮರೆಯುವುದು, ಬೇರೆಯವರ ಫೋಟೋಗೆ ಲೈಕ್ ಒತ್ತುವುದು, ಮಾತು ಕಡಿಮೆ ಇರುವುದು, ತಾಯಿಯ ಜೊತೆ ಹೆಚ್ಚು ಸಲಿಗೆ ಇರುವುದು. ಇವು ಬೇಸರ ತರಬಹುದು, ನಿಮಗೆ ಹೊಂದದೆಯೂ ಇರಬಹುದು. ಹೊಂದದಿರುವುದು ಬೇರೆ, ಅಪಾಯ ಬೇರೆ. ಇವುಗಳ ಬಗ್ಗೆ ಮಾತಾಡಿದರೆ ಬದಲಾಗುವ ಸಾಧ್ಯತೆ ಇರುತ್ತದೆ, ಮಾತಾಡಿದ್ದಕ್ಕೆ ಶಿಕ್ಷೆ ಸಿಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ರೆಡ್ ಫ್ಲಾಗ್ ಗಂಡಸರಲ್ಲಿ ಮಾತ್ರ ಇರುತ್ತದೆ ಎಂಬುದು. ಹುಡುಗನ ಫೋನ್ ಕಿತ್ತು ನೋಡುವುದು, ‘ಬಿಟ್ಟರೆ ಕೈ ಕೊಯ್ದುಕೊಳ್ಳುತ್ತೇನೆ’ ಎಂದು ಹೆದರಿಸುವುದು, ಖಾಸಗಿ ಫೋಟೋ ಇಟ್ಟುಕೊಂಡು ಹಣ ಕೇಳುವುದು ಯಾರೇ ಮಾಡಿದರೂ ಹಿಡಿತವೇ. ಆದರೆ ಗಂಭೀರ ಗಾಯ, ಸಾವಿನವರೆಗೆ ಹೋಗುವ ಪ್ರಕರಣಗಳಲ್ಲಿ ಬಲಿಯಾಗುವವರು ಹೆಚ್ಚಾಗಿ ಹೆಣ್ಣುಮಕ್ಕಳು ಎಂಬುದನ್ನೂ ಮರೆಯುವಂತಿಲ್ಲ.

ಹಾಗೆಯೇ, ಕೆಲವನ್ನು ಒಂದೇ ಒಂದು ಸಲ ಕಂಡರೂ ಕಾದು ನೋಡಬಾರದು. ಅವುಗಳಲ್ಲಿ ಮುಖ್ಯವಾದದ್ದು ಕುತ್ತಿಗೆ ಹಿಸುಕುವುದು. ಗುರುತೇ ಉಳಿಯದಿದ್ದರೂ, ‘ಸಿಟ್ಟಿನಲ್ಲಿ ಹಾಗಾಯ್ತು’ ಎಂದರೂ ಇದು ಅತ್ಯಂತ ಗಂಭೀರ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಂಗಾತಿಯಿಂದ ಹಿಂದೆ ಕುತ್ತಿಗೆ ಹಿಸುಕಿಸಿಕೊಂಡಿದ್ದ ಮಹಿಳೆಯರು ಮುಂದೆ ಅವನಿಂದಲೇ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗೂ ಹೆಚ್ಚು ಎಂದು ಕಂಡುಕೊಂಡಿತು. ಕೊಲ್ಲುವ ಬೆದರಿಕೆ, ಆಯುಧ ತೋರಿಸುವುದು, ಹಿಂಬಾಲಿಸುವುದೂ ಇದೇ ಸಾಲಿಗೆ ಸೇರುತ್ತವೆ.

ಹಿಡಿತ ಕಂಡರೆ ಏನು ಮಾಡಬೇಕು?

ಫಾರ್ವರ್ಡ್‌ಗಳು ‘ಕೂಡಲೇ ಬ್ಲಾಕ್ ಮಾಡಿ, ಬಿಟ್ಟುಬಿಡಿ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಈ ಸಲಹೆ ಎಲ್ಲ ಕಡೆ ಸುರಕ್ಷಿತವಲ್ಲ. ಹಿಡಿತ ಸಾಧಿಸುವವರಿಗೆ ಎದುರಿನವರು ಕೈತಪ್ಪಿ ಹೋಗುವ ಹೊತ್ತೇ ಅತಿ ಹೆಚ್ಚು ಸಿಟ್ಟಿನ ಹೊತ್ತು. ಹಾಗಾಗಿ ಬೆದರಿಕೆ ಬಂದಿದ್ದರೆ ‘ಕೊನೇ ಸಲ ಒಬ್ಬಳೇ ಬಾ, ಮಾತಾಡೋಣ’ ಎಂದಾಗ ಒಬ್ಬರೇ ಹೋಗಬೇಡಿ. ಬೇಡವೆಂಬ ತೀರ್ಮಾನವನ್ನು ಮನೆಯವರ ಎದುರು, ಅಥವಾ ಫೋನಿನಲ್ಲಿ ಹೇಳಿದರೆ ಸಾಕು.

ಮೊದಲು ಸಾಕ್ಷ್ಯ ಉಳಿಸಿಕೊಳ್ಳಿ. ಬೆದರಿಕೆಯ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ನಂಬಿಕಸ್ಥರ ಫೋನಿಗೆ ಕಳಿಸಿಡಿ, ನಿಮ್ಮ ಫೋನಿನಿಂದ ಅದನ್ನು ಅಳಿಸಿದರೂ ಅಲ್ಲಿ ಇರುತ್ತದೆ. ಆಮೇಲೆ ವಾಟ್ಸಾಪ್‌ನಲ್ಲಿ Linked devices ತೆರೆದು ನಿಮ್ಮದಲ್ಲದ ಕಂಪ್ಯೂಟರ್ ಅಥವಾ ಫೋನ್ ಅಲ್ಲಿ ಕಾಣುತ್ತಿದೆಯೇ ನೋಡಿ. ಇದ್ದರೆ ಯಾರೋ ನಿಮ್ಮ ಮೆಸೇಜು ಓದುತ್ತಿದ್ದಾರೆ ಎಂದರ್ಥ. ಒಂದು ವಿಷಯ ನೆನಪಿರಲಿ: ಅದನ್ನು ತೆಗೆದ ಕೂಡಲೇ, ಲೊಕೇಶನ್ ಆಫ್ ಮಾಡಿದ ಕೂಡಲೇ ಎದುರಿನವರಿಗೆ ಗೊತ್ತಾಗುತ್ತದೆ. ಭಯವಿದ್ದರೆ ಮೊದಲು ಮನೆಯವರನ್ನೋ ಗೆಳತಿಯನ್ನೋ ಜೊತೆಗಿಟ್ಟುಕೊಂಡು, ಬೇರೆ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿ, ಆಮೇಲೆ ಆಫ್ ಮಾಡಿ.

ಕಾನೂನಿನ ಬಲವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಮಹಿಳೆಯನ್ನು ಬೆನ್ನುಹತ್ತುವುದಷ್ಟೇ ಅಲ್ಲ, ಆಕೆಯ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದೂ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಶಿಕ್ಷೆ ಇದೆ. ಮದುವೆಯಾದ ಮೇಲಾದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ಹೊಡೆತ ಮಾತ್ರವಲ್ಲ, ಬೈಗುಳ, ಮಾನಸಿಕ ಹಿಂಸೆ, ಹಣ ಕೊಡದೆ ಸತಾಯಿಸುವುದನ್ನೂ ದೌರ್ಜನ್ಯ ಎಂದೇ ಪರಿಗಣಿಸಲಾಗಿದೆ.

ಮಹಿಳಾ ಸಹಾಯವಾಣಿ 181, ತುರ್ತು ಸಹಾಯ 112, ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್ 14416. ಹುಡುಗರೂ 112 ಮತ್ತು 14416ಕ್ಕೆ ಕರೆ ಮಾಡಬಹುದು.

ಪಟ್ಟಿ ಓದಿದರೆ ಸಾಕೇ?

ಸಾಲದು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 1990ರ ದಶಕದಲ್ಲಿ 14 ಶಾಲೆಗಳ ಮಕ್ಕಳ ಮೇಲೆ ‘ಸೇಫ್ ಡೇಟ್ಸ್’ ಎಂಬ ಪಾಠಕ್ರಮವನ್ನು ಪರೀಕ್ಷಿಸಿದರು. ಅದರಲ್ಲಿ ಹತ್ತು ತರಗತಿ, ಒಂದು ನಾಟಕ, ಪೋಸ್ಟರ್ ಸ್ಪರ್ಧೆ ಇದ್ದವು. ಮಕ್ಕಳು ಲಕ್ಷಣಗಳನ್ನು ಬಾಯಿಪಾಠ ಮಾಡಲಿಲ್ಲ, ಸಿಟ್ಟು ಬಂದಾಗ ಹೇಗೆ ಮಾತಾಡುವುದು, ಗೆಳತಿ ಕಷ್ಟದಲ್ಲಿದ್ದರೆ ಏನು ಹೇಳುವುದು ಎಂದು ಅಭ್ಯಾಸ ಮಾಡಿದರು. ನಾಲ್ಕು ವರ್ಷದ ನಂತರ ನೋಡಿದಾಗಲೂ ಈ ಪಾಠ ಕಲಿತವರಲ್ಲಿ ಸಂಗಾತಿಯ ಮೇಲೆ ಕೈ ಮಾಡುವುದು ಕಡಿಮೆ ಇತ್ತು. ನಮ್ಮಲ್ಲಿ ನಿಮ್ಹಾನ್ಸ್ ಜೊತೆಗೂಡಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ ‘ಯುವ ಸ್ಪಂದನ’ ಕಾರ್ಯಕ್ರಮದಲ್ಲಿ ಓದು, ಆರೋಗ್ಯದ ಜೊತೆಗೆ ಸಂಬಂಧಗಳ ಬಗ್ಗೆಯೂ ಯುವಜನರು ಎದುರು ಕೂತು ಮಾತಾಡಬಹುದು. ಇದರ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿವೆ.

ಹಾಗಾಗಿ ಮುಂದಿನ ಸಲ ‘10 ರೆಡ್ ಫ್ಲಾಗ್’ ಫಾರ್ವರ್ಡ್ ಬಂದರೆ ಕಳಿಸುವ ಮುನ್ನ ಈ ಒಂದು ಸಾಲು ಸೇರಿಸಿ ಕಳಿಸಿ: ‘ನೀನು ಬೇಡ ಎಂದಾಗ ಏನಾಗುತ್ತೆ ನೋಡು. ಬೇಡ ಅನ್ನೋಕೇ ಭಯ ಆದ್ರೆ ನನಗೆ ಫೋನ್ ಮಾಡು.’ ಉಳಿದ ಹತ್ತು ಸಾಲಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬಂದೀತು. ಯಾಕೆಂದರೆ ಅದನ್ನು ಓದುವ ಹುಡುಗಿಗೆ ಲಕ್ಷಣದ ಜೊತೆಗೆ ಕರೆ ಮಾಡಲು ಒಬ್ಬರೂ ಸಿಕ್ಕಿರುತ್ತಾರೆ.